ಸ್ಪ್ಯಾನಿಷ್ ಮ್ಯಾನ್ಯುಯಲ್‌ನಲ್ಲಿ ‘-ಮೆಂತೆ’ ಸಾಲನ್ನು ಒಡೆದದ್ದು: ನನ್ನ ಅನುಭವ

ನಮ್ಮ ‘-ವಾಗಿ’ ಹಾಗೆ ಸ್ಪ್ಯಾನಿಷ್‌ನಲ್ಲಿ ಕ್ರಿಯಾವಿಶೇಷಣ ಕಟ್ಟುವ ಬಾಲ ‘-ಮೆಂತೆ’. ಮ್ಯಾನ್ಯುಯಲ್ ಅನುವಾದದಲ್ಲಿ ಆ ಬಾಲದ ಪದಗಳನ್ನು ಕಡಿಮೆ ಮಾಡಲು ಆಗುವುದೇ ಇಲ್ಲ ಅಂತ ನನಗೆ ಹೇಳಿದವರು ಬಹಳ ಜನ. ಕತೆ ಕಾದಂಬರಿಗೆ ಸರಿ, ಗಾರ್ಸಿಯಾ ಮಾರ್ಕೆಸ್ ಕೂಡ ಕೊನೆಕೊನೆಗೆ ಆ ಪದಗಳನ್ನು ದೂರ ಇಟ್ಟಿದ್ದ, ಆದರೆ ಮಿಕ್ಸಿ ತೊಳೆಯುವುದು ಹೇಗೆ ಅಂತ ಬರೆಯುವವನಿಗೆ ಇದೆಲ್ಲಾ ಯಾಕೆ ಅಂದರು. ಬೆಂಗಳೂರಿನಲ್ಲಿ ಕೂತು ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ ಮಿಕ್ಸಿ, ಪಂಪು, ಆಗಾಗ ಒಂದೆರಡು ಕರಾರುಪತ್ರ ಮಾಡುವವನು ನಾನು. ಈಗ ನನ್ನ ಫೈಲುಗಳು ಈ ವಿಷಯಕ್ಕೆ ಕೆಂಪು ಗುರುತು ಇಲ್ಲದೆ ವಾಪಸ್ ಬರುತ್ತವೆ. ಮೊದಲು ಸಾವಿರ ಪದಕ್ಕೆ ಹತ್ತು ಹನ್ನೆರಡು ತಿದ್ದುಪಡಿ ಇದಕ್ಕೇ ಬೀಳುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಈ ಕ್ರಿಯಾವಿಶೇಷಣವನ್ನು ಹೇಗೆ ಕಟ್ಟುವುದು ಅಂತ ನಿಮಗೆಲ್ಲ ಗೊತ್ತು. ಗುಣವಾಚಕದ ಸ್ತ್ರೀಲಿಂಗ ಏಕವಚನ ರೂಪಕ್ಕೆ ‘ಮೆಂತೆ’ ಸೇರಿಸಬೇಕು. ಲೆಂತೊ ಇದ್ದರೆ ಲೆಂತಾ ಮಾಡಿಕೊಂಡು ಲೆಂತಾಮೆಂತೆ. ಫಾಸಿಲ್, ಫೆಲಿಸ್ ತರಹದವಕ್ಕೆ ಎರಡೂ ಲಿಂಗಕ್ಕೆ ಒಂದೇ ರೂಪ, ಹಾಗಾಗಿ ನೇರ ಫಾಸಿಲ್‌ಮೆಂತೆ, ಫೆಲಿಸ್‌ಮೆಂತೆ. ನಾನು ಇಲ್ಲಿ ಒಂದು ವಿಷಯಕ್ಕೆ ಮಾತ್ರ ಒತ್ತು ಕೊಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಈ ‘ಮೆಂತೆ’ ಲ್ಯಾಟಿನ್‌ನಲ್ಲಿ ಬೇರೆಯೇ ಪದ, ಮನಸ್ಸು ಅನ್ನುವ ಸ್ತ್ರೀಲಿಂಗ ನಾಮಪದ. ‘ನಿಧಾನದ ಮನಸ್ಸಿನಿಂದ’ ಅನ್ನುವ ಎರಡು ಪದಗಳ ಮಾತು ಒಂದಾಗಿದೆ. ಸ್ತ್ರೀಲಿಂಗ ಯಾಕೆ ಬೇಕು ಅನ್ನುವುದಕ್ಕೆ ಇದೇ ಉತ್ತರ. ಗುಣವಾಚಕದಲ್ಲಿ ಒತ್ತಿನ ಗುರುತು ಇದ್ದರೆ ಅದು ಹಾಗೇ ಉಳಿಯುವುದೂ, ಉಚ್ಚಾರದಲ್ಲಿ ಎರಡು ಕಡೆ ಒತ್ತು ಬೀಳುವುದೂ ಇದರಿಂದಲೇ. ರಾಪಿದಾಮೆಂತೆ ಅನ್ನುವಾಗ ‘ರಾ’ ಮೇಲೆ ಒಂದು ಒತ್ತು, ‘ಮೆಂ’ ಮೇಲೆ ಇನ್ನೊಂದು. ಒಂದು ವಾಕ್ಯದಲ್ಲಿ ಇಂಥ ಮೂರು ಪದ ಬಂದರೆ ಆ ‘ಮೆಂ’ ಮೂರು ಸಲ ಒಂದೇ ತರಹ ಬಡಿಯುತ್ತದೆ. ಓದುಗನ ಕಿವಿಗೆ ತೊಂದರೆ ಆಗುವುದು ಅಲ್ಲೇ.

ಸರಿ, ದುಡ್ಡಿನ ವಿಷಯಕ್ಕೆ ಬರೋಣ. ನಾಲ್ಕೈದು ವರ್ಷದ ಹಿಂದೆ ಒಂದು ಏಜೆನ್ಸಿಗೆ ಅಡುಗೆಮನೆ ಯಂತ್ರಗಳ ಮ್ಯಾನ್ಯುಯಲ್ ಮಾಡುತ್ತಿದ್ದೆ. ಸುಮಾರು ಹದಿನಾಲ್ಕು ಸಾವಿರ ಪದ, ಪದಕ್ಕೆ ಎರಡೂ ಕಾಲು ರೂಪಾಯಿ ಆಸುಪಾಸು. ಮೆಂತೆ ಜಾಸ್ತಿ ಅಂತ ರಿವ್ಯೂನಲ್ಲಿ ವಾಪಸ್ ಬಂತು. ಆಗ ಎಲ್ಲರೂ ಹೇಳಿಕೊಡುತ್ತಿದ್ದ ಉಪಾಯ ಒಂದೇ: ಪ್ರತಿ ಪದವನ್ನೂ ‘ರೀತಿಯಲ್ಲಿ’ ಅನ್ನುವ ಅರ್ಥದ ‘ದೆ ಮಾನೆರಾ’ ಹಾಕಿ ಬಿಡಿಸಿ ಬರೆಯುವುದು. ಔತೊಮಾತಿಕಾಮೆಂತೆ ಹೋಗಿ ದೆ ಮಾನೆರಾ ಔತೊಮಾತಿಕಾ ಆಯಿತು, ಕೊರ್ರೆಕ್ತಾಮೆಂತೆ ಹೋಗಿ ದೆ ಮಾನೆರಾ ಕೊರ್ರೆಕ್ತಾ ಆಯಿತು. ಮೆಂತೆ ಎಣಿಕೆ ಸೊನ್ನೆಗೆ ಇಳಿಯಿತು. ಆದರೆ ಒಂದೇ ಪುಟದಲ್ಲಿ ‘ದೆ ಮಾನೆರಾ’ ಐದಾರು ಸಲ ಬಂದು ಮೊದಲಿಗಿಂತ ಭಾರವಾಯಿತು. ಪಠ್ಯ ಉದ್ದವಾಗಿ ಚಿತ್ರಗಳ ಪಕ್ಕದ ಬಾಕ್ಸ್‌ಗಳಿಂದ ಹೊರಗೆ ಹರಿಯಿತು. ಪುಟ ವಿನ್ಯಾಸ ಮತ್ತೆ ಮಾಡಿದ ಖರ್ಚು ಅಂತ ಆರು ಸಾವಿರದ ಹತ್ತಿರ ನನ್ನ ಬಿಲ್‌ನಿಂದ ಹಿಡಿದುಕೊಂಡರು. ಆಮೇಲೆ ‘ಇಂದ’ ಅನ್ನುವ ಹಾಗೆ ಬಳಸುವ ‘ಕೊನ್’ ಜೊತೆ ನಾಮಪದ ಹಾಕುವ ದಾರಿ ನೋಡಿದೆ: ಕೊನ್ ಕುಯ್ದಾದೊ, ಕೊನ್ ಸುವಾವಿದಾದ್, ಕೊನ್ ರಾಪಿದೆಸ್. ಒಂದೊಂದಾಗಿ ಚೆನ್ನ. ಎಲ್ಲ ಕಡೆ ಇದನ್ನೇ ಹಾಕಿದರೆ ‘ದಾದ್, ದಾದ್’ ಅನ್ನುವ ಹೊಸ ಬಡಿತ ಶುರು. ಒಂದೇ ಅಚ್ಚಿನಿಂದ ಇನ್ನೊಂದೇ ಅಚ್ಚಿಗೆ ಸುರಿದರೆ ಸಾಲು ಹೋಗುವುದಿಲ್ಲ, ಹೆಸರು ಬದಲಾಗುತ್ತದೆ ಅಷ್ಟೇ.

ಕೊನೆಗೆ ಕೈಹಿಡಿದದ್ದು ಒಂದು ಕ್ರಮ. ಪದ ಕಂಡ ಕೂಡಲೇ ಬದಲಿ ಹುಡುಕುವುದಿಲ್ಲ. ಮೊದಲು ಅದನ್ನು ತೆಗೆದು ಓದುತ್ತೇನೆ. ಅರ್ಥ ನಿಂತರೆ ಅಲ್ಲಿಗೆ ಮುಗಿಯಿತು. ನಿಲ್ಲದಿದ್ದರೆ ಕ್ರಿಯಾಪದವೇ ಆ ಕೆಲಸ ಮಾಡಬಹುದೇ ನೋಡುತ್ತೇನೆ. ಅದೂ ಆಗದಿದ್ದರೆ ಚಿಕ್ಕ ಪದ. ‘ಕೊನ್’, ‘ದೆ ಮಾನೆರಾ’ ಎಲ್ಲ ಕೊನೆಯ ಸರದಿ.

ಕ್ರಿಯಾಪದದ ದಾರಿಯೇ ಹೆಚ್ಚು ಫಲ ಕೊಟ್ಟದ್ದು. ‘ಕೊನೆಕ್ತೆ ನುಯೆವಾಮೆಂತೆ’ ಅಂದರೆ ಮತ್ತೆ ಜೋಡಿಸಿ. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ‘ವುಯೆಲ್ವಾ ಆ ಕೊನೆಕ್ತಾರ್’ ಇದೆ. ಮತ್ತೆ ಅನ್ನುವ ಅರ್ಥ ಕ್ರಿಯಾಪದದ ಒಳಗೇ ಬಂತು. ಸಾಮಾನ್ಯವಾಗಿ ಇಷ್ಟು ಹೊತ್ತು ಹಿಡಿಯುತ್ತದೆ ಅನ್ನಲು ‘ನೊರ್ಮಾಲ್‌ಮೆಂತೆ ತಾರ್ದಾ’ ಬದಲು ‘ಸುಯೆಲೆ ತಾರ್ದಾರ್’. ಕ್ರಮೇಣ ಹೆಚ್ಚುತ್ತದೆ ಅನ್ನಲು ‘ಔಮೆಂತಾ ಗ್ರಾದುವಾಲ್‌ಮೆಂತೆ’ ಬದಲು ‘ವಾ ಔಮೆಂತಾಂದೊ’. ಈ ಮೂರು ರಚನೆಗಳು ಇಂಗ್ಲಿಷ್ ಮೂಲದಲ್ಲಿ ಇರುವುದೇ ಇಲ್ಲ. ಅದಕ್ಕೇ ಇಂಗ್ಲಿಷ್ ನೋಡಿಕೊಂಡು ಬರೆಯುವವನ ಕೈಗೆ ಅವು ಬರುವುದಿಲ್ಲ. ಸ್ಪ್ಯಾನಿಷ್ ಮನೆಮಾತಿನವರ ಬಾಯಲ್ಲಿ ಮಾತ್ರ ದಿನಾ ಇರುತ್ತವೆ.

ಚಿಕ್ಕ ಪದದ ಲಾಭ ಕಂಡದ್ದು ಪರದೆಯ ಮೇಲಿನ ಸೂಚನೆಗಳಲ್ಲಿ. ಅಲ್ಲಿ ಅಕ್ಷರ ಮಿತಿ ಕಟ್ಟುನಿಟ್ಟು. ಒಂದೇ ಸಲಕ್ಕೆ ಅನ್ನುವ ಸಿಮುಲ್ತಾನೆಯಾಮೆಂತೆ ಸ್ಪ್ಯಾನಿಷ್ ಬರಹದಲ್ಲಿ 15 ಅಕ್ಷರ, ಅದೇ ಅರ್ಥದ ‘ಆ ಲಾ ವೆಸ್’ ಜಾಗ ಬಿಟ್ಟು ಬರೆದರೂ 8. ತಕ್ಷಣ ಅನ್ನುವ ಇನ್ಮೆದಿಯಾತಾಮೆಂತೆ 14, ಎನ್ಸೆಗೀದಾ 9. ಮೆಂತೆ ಕಡಿಮೆ ಮಾಡಿದರೆ ಪಠ್ಯ ಉದ್ದವಾಗುತ್ತದೆ ಅಂತ ನನ್ನ ಜೊತೆ ವಾದ ಮಾಡಿದವರಿಗೆ ಈ ಲೆಕ್ಕ ತೋರಿಸಿದ ಮೇಲೆ ಮಾತು ನಿಂತಿತು.

ಒಂದು ವಾಕ್ಯ ಪೂರ್ತಿ ಬಿಡಿಸಿ ತೋರಿಸುತ್ತೇನೆ. ಮಿಕ್ಸಿ ಬ್ಲೇಡ್ ಬಗ್ಗೆ, ಮೊದಲ ಕರಡು ಹೀಗಿತ್ತು: ‘ಲಿಂಪ್ಯೆ ಕುಯ್ದಾದೋಸಾಮೆಂತೆ ಲಾ ಕುಚಿಯ್ಯಾ ಇನ್ಮೆದಿಯಾತಾಮೆಂತೆ ದೆಸ್ಪುಯೆಸ್ ದೆ ಉಸಾರ್ಲಾ ಇ ಸೇಕೆಲಾ ಕೊಂಪ್ಲೇತಾಮೆಂತೆ.’ ಬಳಸಿದ ತಕ್ಷಣ ಹುಷಾರಾಗಿ ತೊಳೆಯಿರಿ, ಪೂರ್ತಿ ಒಣಗಿಸಿ ಅಂತ. ಮೂರು ಮೆಂತೆ. ಮಧ್ಯದ್ದು ಸಮಯ ಹೇಳುತ್ತದೆ, ಅದನ್ನು ಉಪವಾಕ್ಯ ಮಾಡಿ ಮುಂದೆ ತಂದೆ: ‘ಎನ್ ಕುವಾಂತೊ ತೆರ್ಮಿನೆ ದೆ ಉಸಾರ್ ಲಾ ಕುಚಿಯ್ಯಾ’. ಕೆಲಸ ನಡೆಯುವ ಕ್ರಮದಲ್ಲೇ ವಾಕ್ಯವೂ ನಡೆಯಿತು. ಹುಷಾರು ತೆಗೆಯುವಂತಿಲ್ಲ, ಬ್ಲೇಡ್ ಅಲ್ವಾ, ‘ಲಿಂಪ್ಯೆಲಾ ಕೊನ್ ಕುಯ್ದಾದೊ’ ಆಯಿತು. ಕೊನೆಯದಕ್ಕೆ ‘ಬಿಯೆನ್’ ಹಾಕಬಹುದಿತ್ತು, ಕಿವಿಗೂ ಹಿತ. ಆದರೆ ‘ಚೆನ್ನಾಗಿ’ ಬೇರೆ, ‘ಪೂರ್ತಿ’ ಬೇರೆ. ಕರೆಂಟಿನ ಸಾಮಾನಿನಲ್ಲಿ ಆ ವ್ಯತ್ಯಾಸ ಬಿಡಬಾರದು. ಹಾಗಾಗಿ ‘ಸೇಕೆಲಾ ಪೊರ್ ಕೊಂಪ್ಲೇತೊ’. ಮೂರಕ್ಕೆ ಮೂರು ಬೇರೆ ಬೇರೆ ದಾರಿ ಆಯಿತು. ಒಂದೇ ದಾರಿಯನ್ನು ಒಂದು ವಾಕ್ಯದಲ್ಲಿ ಎರಡು ಸಲ ಬಳಸುವುದಿಲ್ಲ ಅನ್ನುವುದು ನನ್ನ ಕಟ್ಟಳೆ.

ಎರಡು ಮೆಂತೆ ಜೊತೆಯಾಗಿ ಬೇಕೇ ಬೇಕು ಅನ್ನುವಾಗ ಭಾಷೆಯೇ ಒಂದು ಉಪಾಯ ಕೊಟ್ಟಿದೆ. ‘ಮತ್ತು’ ಅನ್ನುವ ‘ಇ’ ಹಾಕಿ ಜೋಡಿಸಿ, ಕೊನೆಯದಕ್ಕೆ ಮಾತ್ರ ಮೆಂತೆ ಇಡುವುದು: ‘ಲೆಂತಾ ಇ ಕುಯ್ದಾದೋಸಾಮೆಂತೆ’. ನಮ್ಮಲ್ಲಿ ‘ಸರಳ ಹಾಗೂ ಸ್ಪಷ್ಟವಾಗಿ’ ಅಂತ ಒಂದೇ ‘ವಾಗಿ’ಯಲ್ಲಿ ಮುಗಿಸುವ ಹಾಗೆಯೇ. ತಪ್ಪು ನುಸುಳುವುದು ಮೊದಲ ಪದದಲ್ಲಿ. ಬಾಲ ಹೋಯಿತು ಅಂತ ‘ಲೆಂತೊ ಇ ಕುಯ್ದಾದೋಸಾಮೆಂತೆ’ ಅಂತ ಬರೆದ ಫೈಲುಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಾಲ ಬರೆಯದಿದ್ದರೂ ಸ್ತ್ರೀಲಿಂಗ ಉಳಿಯಬೇಕು, ‘ಲೆಂತಾ’ ಅನ್ನಲೇಬೇಕು. ‘ಅಥವಾ’ ಅನ್ನುವ ‘ಓ’, ‘ಆದರೆ’ ಅನ್ನುವ ‘ಪೆರೊ’ ಜೊತೆಗೂ ಇದು ನಡೆಯುತ್ತದೆ.

ಇದನ್ನೇ ಪೋರ್ಚುಗೀಸ್, ಇಟಾಲಿಯನ್‌ನಲ್ಲೂ ನೋಡಿದೆ, ಸುಮ್ನೆ ಕುತೂಹಲಕ್ಕೆ. ಪೋರ್ಚುಗೀಸ್‌ನಲ್ಲಿ ಬಾಲ ಬಿಡಬಹುದು, ಆದರೆ ಒತ್ತಿನ ಗುರುತು ಉಳಿಯುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಗುರುತಿನ ಜೊತೆ ಬರೆಯುವ ‘ರಾಪಿದಾಮೆಂತೆ’ ಅಲ್ಲಿ ಗುರುತಿಲ್ಲದೆ ಬರುತ್ತದೆ. ಇಟಾಲಿಯನ್‌ನಲ್ಲಿ ಬಾಲ ಬಿಡುವ ಪದ್ಧತಿಯೇ ಇಲ್ಲ, ಎರಡಕ್ಕೂ ಪೂರ್ತಿ ಬರೆಯಬೇಕು. ಮೂರೂ ಭಾಷೆಗೆ ಒಂದೇ ಟೆಂಪ್ಲೇಟ್ ಇಟ್ಟುಕೊಂಡವರು ಇದನ್ನು ಗಮನಿಸಿ.

ಸಾಲು ಹುಡುಕುವುದಕ್ಕೆ ನನ್ನ ಹತ್ತಿರ ಎರಡು ಹುಡುಕು ಮಾದರಿಗಳಿವೆ. ಮೊದಲನೆಯದು ಒಂದೇ ವಾಕ್ಯದೊಳಗಿನ ಎರಡು ಮೆಂತೆಯನ್ನು ಹಿಡಿಯುತ್ತದೆ. ಎರಡನೆಯದು ಬಾಲ ಬಿಡಬಹುದಾದ ಜೋಡಿಗಳನ್ನು.

```
\w+mente\b[^.?!]*\w+mente\b
\w+mente,? (y|e|o|u|pero) \w+mente\b
```

ಬಂದ ಎಲ್ಲ ಸಾಲನ್ನೂ ನಂಬಬೇಡಿ. ಮ್ಯಾನ್ಯುಯಲ್ ಅಂದರೆ ಆಜ್ಞೆಗಳು, ‘ಔಮೆಂತೆ’, ‘ಅಲಿಮೆಂತೆ’, ‘ಎಸ್ಪೆರಿಮೆಂತೆ’ ಎಲ್ಲವೂ ‘ಮಾಡಿ’ ಅನ್ನುವ ಕ್ರಿಯಾಪದಗಳು. ‘ವೆಯೆಮೆಂತೆ’, ‘ದೆಮೆಂತೆ’ ಗುಣವಾಚಕಗಳು. ಇವೂ ಬಲೆಗೆ ಬೀಳುತ್ತವೆ. ಇವನ್ನು ಹೊರಗಿಡುವ ನನ್ನ ಪಟ್ಟಿ ಈಗ ದೊಡ್ಡದಾಗಿದೆ. ಅದನ್ನೂ, ಅದನ್ನು ಟರ್ಮ್‌ಬೇಸ್‌ಗೆ ಕಟ್ಟಿದ ರೀತಿಯನ್ನೂ ಇಲ್ಲಿ ಹಾಕುವುದಿಲ್ಲ. ವರ್ಷಗಟ್ಟಲೆ ಕೂತು ಮಾಡಿದ್ದು, ನನ್ನ ಹೊಟ್ಟೆಪಾಡು ಅದರ ಮೇಲಿದೆ.

ಮನುಷ್ಯರ ಬಗ್ಗೆ ಬರೆಯುವಾಗ ಇನ್ನೊಂದು ಚೆಂದದ ದಾರಿ ಇದೆ, ಗುಣವಾಚಕವನ್ನೇ ಕರ್ತೃವಿಗೆ ಹೊಂದಿಸುವುದು. ಮಕ್ಕಳು ನೆಮ್ಮದಿಯಾಗಿ ಮಲಗುತ್ತಾರೆ ಅನ್ನಲು ‘ದುಯೆರ್ಮೆನ್ ತ್ರಾಂಕಿಲಾಮೆಂತೆ’ ಬದಲು ‘ದುಯೆರ್ಮೆನ್ ತ್ರಾಂಕಿಲೋಸ್’. ಜಾಹೀರಾತು ಪಠ್ಯದಲ್ಲಿ ಇದು ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ, ಒಬ್ಬ ಗ್ರಾಹಕರು ಇದೊಂದಕ್ಕೇ ನನಗೆ ಪದಕ್ಕೆ ಐವತ್ತು ಪೈಸೆ ಜಾಸ್ತಿ ಮಾಡಿದರು. ಯಂತ್ರಕ್ಕೆ ಮಾತ್ರ ಇದು ಒಗ್ಗುವುದಿಲ್ಲ. ಮಿಕ್ಸಿ ಸದ್ದಿಲ್ಲದೆ ಓಡುತ್ತದೆ ಅನ್ನಲು ‘ಸಿನ್ ಅಸೇರ್ ರುಯ್ದೊ’ ಅಂತಲೇ ಬರೆಯುತ್ತೇನೆ.

ಬಿಲ್ ಮಾಡುವಾಗ ಒಂದು ಎಚ್ಚರ. ಅನುವಾದದ ಪದ ಎಣಿಸಿ ದುಡ್ಡು ಕೊಡುವ ಗ್ರಾಹಕರಿಗೆ ಒಂದು ಪದ ಎರಡಾದದ್ದು ಕಂಡರೆ ಅನುಮಾನ ಬರುತ್ತದೆ. ನನಗೂ ಒಬ್ಬರು ಕೇಳಿದರು. ಅಂದಿನಿಂದ ಮೂಲ ಪಠ್ಯದ ಎಣಿಕೆಗೇ ದರ ಹೇಳುತ್ತೇನೆ, ಮಾತು ಬೆಳೆಯುವುದಿಲ್ಲ.

ಮುಟ್ಟದೆ ಬಿಡುವ ಪದಗಳೂ ಇವೆ. ಇಡೀ ವಾಕ್ಯಕ್ಕೆ ಅಭಿಪ್ರಾಯ ಸೇರಿಸುವ ‘ಎವಿದೆಂತೆಮೆಂತೆ’ ಒಂಟಿಯಾಗಿ ಮುಂದೆ ಕೂತಿದ್ದರೆ ಹಾಗೇ ಇರಲಿ. ಗುಣವಾಚಕದ ಮುಂದೆ ವಿಷಯ ಹೇಳುವ ‘ಕಿಮಿಕಾಮೆಂತೆ ಪೂರೊ’, ಅಂದರೆ ರಾಸಾಯನಿಕವಾಗಿ ಶುದ್ಧ, ತರಹದ್ದನ್ನು ಒಡೆದರೆ ತಾಂತ್ರಿಕ ಅರ್ಥವೇ ಸಡಿಲವಾಗುತ್ತದೆ. ಕರಾರುಪತ್ರದಲ್ಲಂತೂ ಕೈ ಹಾಕಲೇಬೇಡಿ. ‘ಸೊಲಿದಾರಿಯಾಮೆಂತೆ’ ಅಂದರೆ ಪ್ರತಿಯೊಬ್ಬನೂ ಇಡೀ ಸಾಲಕ್ಕೆ ಹೊಣೆ, ‘ಮಾಂಕೊಮುನಾದಾಮೆಂತೆ’ ಅಂದರೆ ಅವರವರ ಪಾಲಿಗೆ ಮಾತ್ರ ಅನ್ನುವುದು ಸ್ಪೇನ್‌ನ ಕಾನೂನಿನ ಸಾಮಾನ್ಯ ಬಳಕೆ. ಇವನ್ನು ‘ಕೊನ್ ಸೊಲಿದಾರಿದಾದ್’ ಅಂತ ಬಿಡಿಸಿದರೆ ಹೊಣೆಗಾರಿಕೆ ಹೋಗಿ ಒಗ್ಗಟ್ಟು ಬರುತ್ತದೆ. ಅಂಥ ಫೈಲು ಬಂದರೆ ನಾನು ಹುಡುಕು ಮಾದರಿಯನ್ನೇ ಓಡಿಸುವುದಿಲ್ಲ.