ಇಪ್ಪತ್ತೆರಡನೇ ತಾರೀಖಿನ ಒಳಗೆ ಕ್ಲೇಮ್ ತರಿಸಿಕೊಂಡ ಬಗೆ: ನನ್ನ ಅನುಭವ

ಪೀಣ್ಯದ ನಮ್ಮ ಕಚೇರಿಯಿಂದ ಸುಮಾರು ನಲವತ್ತು ಸರ್ವಿಸ್ ಎಂಜಿನಿಯರುಗಳು ರಾಜ್ಯದ ಉದ್ದಗಲಕ್ಕೂ ಓಡಾಡುತ್ತಾರೆ. ಬಸ್ಸು, ಲಾಡ್ಜು, ಊಟ, ಅಲ್ಲಲ್ಲೇ ಕೊಂಡ ಬಿಡಿಭಾಗಗಳ ಖರ್ಚಿನ ಕ್ಲೇಮ್ 22ನೇ ತಾರೀಖಿನೊಳಗೆ ಬಂದರೆ ಮಾತ್ರ ಆ ತಿಂಗಳ ಸಂಬಳದ ಜೊತೆ ಹಣ ಹೋಗುತ್ತದೆ. ಮೊದಲು ಅರ್ಧದಷ್ಟು ಜನ ತಪ್ಪಿಸಿಕೊಳ್ಳುತ್ತಿದ್ದರು, ಎರಡು ಲಕ್ಷದಷ್ಟು ಹಣ ತಿಂಗಳಿಂದ ತಿಂಗಳಿಗೆ ಮುಂದೆ ಬೀಳುತ್ತಿತ್ತು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವೂ ನೆನಪಿಸುವ ಕ್ರಮ ಫಲ ಕೊಡಲಿಲ್ಲ, ಎಲ್ಲರಿಗೂ ಹೇಳಿದ ಮಾತನ್ನು ಯಾರೂ ತಮಗೆ ಹೇಳಿದ್ದೆಂದು ತಿಳಿಯಲಿಲ್ಲ. ಬಾಕಿದಾರರ ಪಟ್ಟಿ ಹಾಕಿದಾಗ ಹಿರಿಯರಿಬ್ಬರು ಮುನಿಸಿಕೊಂಡರು. ಮೊದಲು ಸಲ್ಲಿಸಿದವರಿಗೆ ಇನ್ನೂರು ರೂಪಾಯಿಯ ಕೂಪನ್ ಇಟ್ಟೆವು. ಎಂದೂ ತಡಮಾಡದವರೇ ಅದನ್ನೂ ಪಡೆದರು. ಗೂಗಲ್ ಫಾರ್ಮಿನಲ್ಲಿ ಬಿಲ್ ಅಪ್‌ಲೋಡ್ ಕೇಳಿದರೆ ಲಾಗಿನ್ ಕಡ್ಡಾಯವಾಗುತ್ತದೆ, ಪಾಸ್‌ವರ್ಡ್ ಮರೆತವರು ಅಲ್ಲಿಗೇ ಕೈಬಿಡುತ್ತಿದ್ದರು.

ದಾರಿ ಸಿಕ್ಕಿದ್ದು ಕಾಲ್ ರಿಜಿಸ್ಟರಿನಲ್ಲಿ. ಯಾರು ಯಾವ ದಿನ ಯಾವ ಸೈಟಿಗೆ ಹೋದರೆಂಬುದು ಅಲ್ಲಿ ಮೊದಲೇ ಇರುವಾಗ, ಕ್ಲೇಮ್ ಬಾಕಿ ಇದೆಯೇ ಎಂದು ಅವರನ್ನೇ ಕೇಳುವ ಅಗತ್ಯವಿಲ್ಲ. ರಿಜಿಸ್ಟರಿನ A ಕಾಲಮ್ಮಿನಲ್ಲಿರುವ ಕಾಲ್ ನಂಬರನ್ನು, ಫಾರ್ಮಿನ ಉತ್ತರಗಳು ಬೀಳುವ Claims ಹಾಳೆಯ B ಕಾಲಮ್ಮಿನಲ್ಲಿ ಹುಡುಕಿಸಿದೆ:

```
=COUNTIF(Claims!B:B,A2)
```

ಸೊನ್ನೆ ಬಂದರೆ ಬಾಕಿ. ಕಾಲ್ ನಂಬರನ್ನು ಅವರ ಕೈಯಲ್ಲಿ ಟೈಪ್ ಮಾಡಿಸಿದರೆ ಒಂದು ಗೆರೆ, ಒಂದು ಸ್ಪೇಸ್ ಹೆಚ್ಚಾದರೂ ಸಲ್ಲಿಸಿದ ಕ್ಲೇಮ್ ಬಾಕಿಯೆಂದೇ ಕಾಣುತ್ತದೆ. ಆದ್ದರಿಂದ ನಂಬರ್ ಮೊದಲೇ ತುಂಬಿರುವ ಲಿಂಕನ್ನು ಪ್ರತಿಯೊಬ್ಬರಿಗೂ ಬೇರೆಯಾಗಿ ಕಳಿಸುತ್ತೇನೆ. ಅಪ್‌ಲೋಡ್ ತೆಗೆದುಹಾಕಿದ್ದೇನೆ, ಮೊತ್ತ ಫಾರ್ಮಿಗೆ, ಬಿಲ್ಲಿನ ಫೋಟೋ ಕ್ಲೇಮಿಗೆಂದೇ ಇಟ್ಟ ವಾಟ್ಸ್‌ಆ್ಯಪ್ ನಂಬರಿಗೆ.

ಹೊಸಪೇಟೆಗೆ ಹೋಗಿ ಬಂದ ಒಬ್ಬರಿಗೆ, ಹೆಸರು ಬರೆದು, ಕಳಿಸಿದ ಸಂದೇಶ ಹೀಗಿತ್ತು: “ಹೊಸಪೇಟೆ ಸೈಟಿನ 12, 13ನೇ ತಾರೀಖಿನ ಕ್ಲೇಮ್ ಇನ್ನೂ ಬಂದಿಲ್ಲ. 22ರ ಸಂಜೆ 5ರೊಳಗೆ ಈ ಲಿಂಕಿನಲ್ಲಿ ಮೊತ್ತ ತುಂಬಿ, ಬಿಲ್ಲಿನ ಫೋಟೋ ಕ್ಲೇಮ್ ನಂಬರಿಗೆ ಕಳಿಸಿ. ತಡವಾದರೆ ಹಣ ಮುಂದಿನ ತಿಂಗಳ ಸಂಬಳದ ಜೊತೆ ಬರುತ್ತದೆ.” ಅವರ ಮೂರೂವರೆ ಸಾವಿರದಷ್ಟು ಖರ್ಚಿನ ಕ್ಲೇಮ್ ಅದೇ ರಾತ್ರಿ ಬಂತು. ಊರಿನ ಹೆಸರು ಓದಿದೊಡನೆ ಯಾವ ಬಿಲ್ ಹುಡುಕಬೇಕೆಂದು ಹೊಳೆಯುತ್ತದೆ, ಈ ವಿಧಾನದ ಬಲವೆಲ್ಲ ಅಲ್ಲಿದೆ.

“ಇವರು ಹೇಳಿದರೆ ಕೇಳುವವರಲ್ಲ, ಬಿಡಿ ಸಾರ್” ಎಂದಿದ್ದ ಅಕೌಂಟ್ಸ್‌ನವರಿಗೆ ಈಗ ತಡವಾಗಿ ಬರುವುದು ನಾಲ್ಕೈದು ಕ್ಲೇಮ್ ಮಾತ್ರ; ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಸಂದೇಶವನ್ನು ಯಾವ ಹೊತ್ತಿಗೆ ಕಳಿಸುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಫೋಟೋವನ್ನು ಬಿಲ್ ಸಿಕ್ಕ ದಿನವೇ ತೆಗೆಯಲು ಹೇಳಿದ್ದೇನೆ, ಏಕೆಂದರೆ ಥರ್ಮಲ್ ಕಾಗದದ ಟಿಕೆಟ್ ಜೇಬಿನ ಬಿಸಿಗೇ ಮಾಸುತ್ತದೆ. ಬಿಡಿಭಾಗದ ಬಿಲ್ಲಿನಲ್ಲಿ ಕಂಪನಿಯ ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ತೆರಿಗೆಯ ಕ್ರೆಡಿಟ್ ಕೈತಪ್ಪುತ್ತದೆ. ಅಂಗಡಿಯಲ್ಲಿ ತೋರಿಸಲೆಂದು ಆ ನಂಬರನ್ನು ಅದೇ ವಾಟ್ಸ್‌ಆ್ಯಪ್ ಖಾತೆಯ ಪ್ರೊಫೈಲ್ ಚಿತ್ರವಾಗಿ ಹಾಕಿದ್ದೇನೆ.