ಮದುವೆಯ ಕರೆಯೋಲೆ ಮೊಬೈಲಿನಲ್ಲಿ: ಕನ್ನಡದ ಒತ್ತಕ್ಷರ ಒಡೆಯದಂತೆ ವಿಡಿಯೊ ಆಮಂತ್ರಣ ಮಾಡುವ ಬಗೆ

ಬಿಡುವಿನ ವೇಳೆಯಲ್ಲಿ ಡಿಜಿಟಲ್ ಲಗ್ನಪತ್ರಿಕೆ ಮಾಡಿಕೊಡುವವರು ಈಗ ಊರೂರಿನಲ್ಲೂ ಇದ್ದಾರೆ. ಹೂವಿನ ಚೌಕಟ್ಟು, ಗಣಪತಿ, ಉದುರುವ ಅಕ್ಷತೆ ಎಲ್ಲವೂ ಅಂದವಾಗಿರುತ್ತವೆ. ಮದುಮಗಳ ಹೆಸರು ಮಾತ್ರ ಒಡೆದಿರುತ್ತದೆ. ಕಳೆದ ವರ್ಷ ನಮ್ಮ ಬಂಧುಗಳ ಮನೆಗೆ ಬಂದ ವಿಡಿಯೊದಲ್ಲಿ ‘ಕೀರ್ತಿ’ ಎಂಬುದು ‘ಕೀರ್‌ತಿ’ ಎಂದಾಗಿತ್ತು. ಅಷ್ಟರಲ್ಲಿ ಅದು ಇಡೀ ಬಳಗವನ್ನು ತಲುಪಿತ್ತು, ತಿದ್ದಲು ದಾರಿಯೇ ಇರಲಿಲ್ಲ. ಈ ಕೆಲಸವನ್ನು ಕೈಗೆತ್ತಿಕೊಳ್ಳುವವರು ಚಿತ್ರಕ್ಕಿಂತ ಮೊದಲು ಅಕ್ಷರವನ್ನು ಪಳಗಿಸಿಕೊಳ್ಳಬೇಕು.

ಮೊದಲ ಹಂತ: ಒಕ್ಕಣೆ ಪಡೆಯುವುದು

ಒಕ್ಕಣೆಯನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಡಿ. ಮನೆಯವರು ಕೈಯಲ್ಲಿ ಬರೆದ ಹಾಳೆಯ ಫೋಟೊವನ್ನೋ, ಅಚ್ಚಾದ ಲಗ್ನಪತ್ರಿಕೆಯನ್ನೋ ತರಿಸಿಕೊಳ್ಳಿ. ಮೇಲೆ ಯಾವ ಮನೆದೇವರ ‘ಪ್ರಸನ್ನ’ ಬರಬೇಕು, ‘ಚಿ. ರಾ.’ ಮತ್ತು ‘ಚಿ. ಕುಂ. ಸೌ.’ ಯಾರ ಹೆಸರಿನ ಮುಂದೆ, ಆರತಕ್ಷತೆ ಹಿಂದಿನ ಸಂಜೆಯೋ ಅದೇ ದಿನವೋ ಎಂಬುದನ್ನು ಅವರ ಬರಹವೇ ಹೇಳಬೇಕು.

ಹಳೆಯ ಕಡತವನ್ನೇ ತಿದ್ದಿ ಬಳಸುವವರು ಸಂವತ್ಸರದಲ್ಲಿ ಎಡವುತ್ತಾರೆ. 2026ರ ಮೇ 10, ಭಾನುವಾರದ ಮದುವೆಗೆ ಫೆಬ್ರುವರಿಯಲ್ಲೇ ಕೆಲಸ ಬಂತೆಂದುಕೊಳ್ಳಿ. ಕೆಲಸ ಮಾಡುವ ದಿನ ವಿಶ್ವಾವಸು ನಾಮ ಸಂವತ್ಸರವೇ ನಡೆಯುತ್ತಿರುತ್ತದೆ. ಆದರೆ ಮಾರ್ಚ್ 19ರ ಯುಗಾದಿಗೆ ಅದು ಮುಗಿಯುವುದರಿಂದ ಪತ್ರಿಕೆಯಲ್ಲಿ ಇರಬೇಕಾದದ್ದು ‘ಪರಾಭವ ನಾಮ ಸಂವತ್ಸರದ ವೈಶಾಖ ಮಾಸ’. ತಿಥಿ ಮತ್ತು ಲಗ್ನವನ್ನು ಪುರೋಹಿತರು ಬರೆದುಕೊಟ್ಟಂತೆಯೇ ಇಳಿಸಿಕೊಳ್ಳಿ, ಮೊಬೈಲ್ ಪಂಚಾಂಗ ನೋಡಿ ನೀವೇ ತುಂಬಬೇಡಿ.

ಎರಡನೆಯ ಹಂತ: ಅಕ್ಷರ ಕೂರಿಸುವುದು

ಬಹುಪಾಲು ಜನ ಸೋಲುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಕ್ಷರ ಕೆಡುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ, ಎರಡರ ಲಕ್ಷಣವೂ ಬೇರೆ.

ಮೊದಲನೆಯದು ಹಳೆಯ ಸಂಕೇತದ ತೊಡಕು. ಮುದ್ರಣಾಲಯದವರು ಕಳಿಸುವ ಒಕ್ಕಣೆ ಎಷ್ಟೋ ಸಲ ನುಡಿ ಅಥವಾ ಬರಹದ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿರುತ್ತದೆ. ಅದು ಒಳಗೆ ಕನ್ನಡವೇ ಅಲ್ಲ. ಲ್ಯಾಟಿನ್ ಚಿಹ್ನೆಗಳಿಗೆ ಕನ್ನಡದ ವೇಷ ತೊಡಿಸಿರುತ್ತಾರೆ. ಅಕ್ಷರಶೈಲಿ ಬದಲಿಸಿದ ಕೂಡಲೇ ‘ಕರ್ನಾಟಕ’ ಎಂಬುದು `PÀ£ÁðlPÀ` ಎಂದು ಕಂಡರೆ ಕಾಯಿಲೆ ಇದೇ ಎಂದು ತಿಳಿಯಿರಿ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದುಕೊಳ್ಳಬಹುದು. ಆದರೆ ಮೇಲಿನ ಸಾಲಿನಲ್ಲಿ `ð` ಎಂಬ ಅರ್ಕಾವತ್ತು ‘ನಾ’ ಆದ ಮೇಲೆ ಬಂದಿರುವುದನ್ನು ಗಮನಿಸಿ. ಯೂನಿಕೋಡ್‌ನಲ್ಲಿ ರಕಾರ ಮೊದಲೇ ಬರಬೇಕು. ಪರಿವರ್ತಕಗಳು ತಪ್ಪುವುದು ಇಂಥ ಜಾಗದಲ್ಲೇ, ಹಾಗಾಗಿ ಪರಿವರ್ತಿಸಿದ ಒಕ್ಕಣೆಯಲ್ಲಿ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಬೇಕು. ಒಂದು ಲಗ್ನಪತ್ರಿಕೆಯಲ್ಲಿ ಇರುವುದು ಅರವತ್ತು ಎಪ್ಪತ್ತು ಪದ. ಹೊಸದಾಗಿ ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬಾರದಿರುವುದು. ‘ಕೀರ್ತಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ, ಆದರೆ ಯೂನಿಕೋಡ್‌ನಲ್ಲಿ ಅದು ಆರು ಸಂಕೇತ: ಕ, ಈಕಾರ, ರ, ವಿರಾಮ, ತ, ಇಕಾರ. ಇವನ್ನು ಸೇರಿಸಿ ರೂಪ ಕೊಡುವ ವ್ಯವಸ್ಥೆ ಇಲ್ಲದ ಕಡೆ ‘ಪ್ರಜ್ವಲ್’ ಎಂಬುದು ‘ಪ್‌ರಜ್‌ವಲ್’ ಆಗುತ್ತದೆ. ಫೋಟೊಶಾಪ್ ಬಳಸುವವರು ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ `World-Ready Layout` ಆರಿಸಿಕೊಳ್ಳಬೇಕು. ನಾನು ಮಾತ್ರ ಈ ಕೆಲಸಕ್ಕೆ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಅನ್ನೇ ಬಳಸುತ್ತೇನೆ. ಅದರಲ್ಲಿ ಕನ್ನಡ ತಾನಾಗಿ ಸರಿ ಕೂರುತ್ತದೆ. ಅಕ್ಷರಶೈಲಿಗೆ ಗೂಗಲ್ ಫಾಂಟ್ಸ್‌ನ ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಬಲೂ ತಮ್ಮ ಸಾಕು. ಇವನ್ನು ವ್ಯಾಪಾರಕ್ಕೂ ಬಳಸಬಹುದು. ಎಲ್ಲಿಂದಲೋ ಇಳಿಸಿಕೊಂಡ, ಪರವಾನಗಿ ಗೊತ್ತಿಲ್ಲದ ಅಲಂಕಾರದ ಅಕ್ಷರಗಳನ್ನು ಮುಟ್ಟಬೇಡಿ. ಅವುಗಳಲ್ಲಿ ಎಷ್ಟೋ ಒತ್ತಕ್ಷರಗಳೇ ಇರುವುದಿಲ್ಲ.

‘ಪ್ರಜ್ವಲ್‌ಕುಮಾರ್’ ಎಂದು ಕೂಡಿಸಿ ಬರೆಯುವಾಗ ಲಕಾರಕ್ಕೆ ಕಕಾರದ ಒತ್ತು ಬೀಳಬಾರದು ಎಂದಾದರೆ ನಡುವೆ ಶೂನ್ಯ ಅಗಲದ ಬೇರ್ಪಡಿಕೆ ಚಿಹ್ನೆ `U+200C` ಬೇಕು. ಜಾಗ ಬಿಟ್ಟು ತೇಪೆ ಹಾಕಿದರೆ ಹೆಸರು ಎರಡು ಸಾಲಿಗೆ ಹರಿದುಹೋಗುವ ಅಪಾಯವಿದೆ. ಸಾಲುಗಳ ಅಂತರವನ್ನು ಇಂಗ್ಲಿಷಿಗಿಂತ ಹೆಚ್ಚಿಗೆ, ಅಕ್ಷರದ ಗಾತ್ರದ ಒಂದೂವರೆಯಷ್ಟು ಇಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಮೂರನೆಯ ಹಂತ: ಸಾಲನ್ನು ಚಿತ್ರವಾಗಿಸುವುದು

1080×1920 ಪಿಕ್ಸೆಲ್‌ನ ನಿಲುವು ಪುಟದಲ್ಲಿ ಒಕ್ಕಣೆ ಜೋಡಿಸಿದ ಮೇಲೆ, ಒಟ್ಟಿಗೆ ಚಲಿಸಬೇಕಾದ ಪ್ರತಿ ಸಾಲನ್ನೂ ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಹೊರತೆಗೆಯಿರಿ. ಒಮ್ಮೆ ಚಿತ್ರವಾದ ಅಕ್ಷರವನ್ನು ಯಾವ ವಿಡಿಯೊ ತಂತ್ರಾಂಶವೂ ಒಡೆಯಲಾರದು. ಮೂಲ ಎಸ್‌ವಿಜಿ ಕಡತವನ್ನು ಅಳಿಸಬೇಡಿ, ತಿದ್ದುಪಡಿ ಬಂದೇ ಬರುತ್ತದೆ.

ನಾಲ್ಕನೆಯ ಹಂತ: ಚಲನೆ

ಬೆರಳಚ್ಚು ಯಂತ್ರದಂತೆ ಒಂದೊಂದೇ ಅಕ್ಷರ ಮೂಡಿಸುವ ಸಿದ್ಧ ಪರಿಣಾಮವನ್ನು ಕನ್ನಡಕ್ಕೆ ಹಾಕಲೇಬೇಡಿ. ಅದು ಎಣಿಸುವುದು ಸಂಕೇತಗಳನ್ನು, ಅಕ್ಷರಗಳನ್ನಲ್ಲ. ‘ಕೀರ್ತಿ’ ಪೂರ್ತಿಯಾಗುವ ಮೊದಲು ತೆರೆಯ ಮೇಲೆ ‘ಕೀರ’ ಎಂದೂ ‘ಕೀರ್’ ಎಂದೂ ಮಿನುಗಿ ಹೋಗುತ್ತದೆ. ಆಫ್ಟರ್ ಎಫೆಕ್ಟ್ಸ್‌ನಲ್ಲೇ ಅಕ್ಷರ ಕೂರಿಸುವ ಹಟವಿದ್ದರೆ, ರೇಂಜ್ ಸೆಲೆಕ್ಟರ್‌ನ `Based On` ಎಂಬಲ್ಲಿ `Words` ಅಥವಾ `Lines` ಆರಿಸಿ. ಇಡೀ ಸಾಲು ಮೆಲ್ಲಗೆ ಮೂಡುವುದು, ಇಲ್ಲವೇ ಎಡದಿಂದ ಪರದೆ ಸರಿದಂತೆ ತೆರೆದುಕೊಳ್ಳುವುದು ನಮ್ಮ ಲಿಪಿಗೆ ಒಪ್ಪುತ್ತದೆ.

ಒಟ್ಟು 30 ಸೆಕೆಂಡು ಸಾಕು. ದೇವರ ಪ್ರಸನ್ನಕ್ಕೆ 4, ವಧೂವರರಿಗೆ 6, ತಂದೆತಾಯಿಯರಿಗೆ 5, ಮುಹೂರ್ತ ಮತ್ತು ಛತ್ರದ ವಿಳಾಸಕ್ಕೆ 10, ಆಗಮನಾಭಿಲಾಷಿಗಳಿಗೆ 5 ಎಂದು ನಾನು ಹಂಚುತ್ತೇನೆ. ‘ಬೆಳಿಗ್ಗೆ 9-05ರಿಂದ 9-50ರವರೆಗೆ ಸಲ್ಲುವ ಶುಭ ಮಿಥುನ ಲಗ್ನದಲ್ಲಿ’ ಎಂಬುದನ್ನು ಗಡಿಯಾರ ಹಿಡಿದು ಎರಡು ಸಲ ಗಟ್ಟಿಯಾಗಿ ಓದಿ ನೋಡಿ. ಮನೆಯ ಹಿರಿಯರಿಗೆ ಕನಿಷ್ಠ ಅಷ್ಟು ಹೊತ್ತು ಬೇಕು. ಹಿನ್ನೆಲೆಗೆ ಸಿನಿಮಾ ಹಾಡು ಬೇಡ. ಬಳಕೆಗೆ ಅನುಮತಿಯಿರುವ ನಾದಸ್ವರದ ತುಣುಕು ಸಾಕು.

ಐದನೆಯ ಹಂತ: ಒಪ್ಪಿಗೆ ಮತ್ತು ರವಾನೆ

ಚಲನೆಗೆ ಕೈಹಾಕುವ ಮೊದಲೇ ಎಲ್ಲ ದೃಶ್ಯಗಳ ನಿಶ್ಚಲ ಚಿತ್ರಗಳನ್ನು ಎರಡೂ ಮನೆಯವರಿಗೆ ಕಳಿಸಿ, ‘ಓದಿ ನೋಡಿದ್ದೇವೆ, ಸರಿಯಿದೆ’ ಎಂದು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಅರ್ಧ ಹಣ ಮುಂಗಡ, ಎರಡು ಸುತ್ತಿನ ತಿದ್ದುಪಡಿ ಉಚಿತ, ಆಮೇಲಿನದಕ್ಕೆ ಬೇರೆ ದರ ಎಂದು ಮೊದಲೇ ಹೇಳಿಬಿಡಿ. ಒಪ್ಪಿಗೆಯ ನಂತರವೂ ನಿಮ್ಮ ಬೆರಳಚ್ಚಿನ ತಪ್ಪು ಕಂಡುಬಂದರೆ ಅದಕ್ಕೆ ಹಣ ಕೇಳಬಾರದು.

ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸುತ್ತದೆ. ಕೆಂಪು ಹಿನ್ನೆಲೆಯ ಮೇಲಿನ ತೆಳು ಚಿನ್ನದ ಗೆರೆಗಳು ಮೊದಲು ಕದಡುವುದರಿಂದ ವಿಳಾಸಕ್ಕೆ ದಪ್ಪ ಅಕ್ಷರ ಬಳಸಿ, 48 ಪಿಕ್ಸೆಲ್‌ಗಿಂತ ಕೆಳಗಿಳಿಯಬೇಡಿ. ಎಂಪಿ4 ಕಡತವನ್ನು ಮೊದಲು ಮನೆಯವರದೇ ಬೇರೊಂದು ಫೋನಿಗೆ ಸಾಮಾನ್ಯ ವಿಡಿಯೊದಂತೆ ಕಳಿಸಿ, ಒತ್ತಕ್ಷರಗಳು ಓದುವಂತಿವೆಯೇ ನೋಡಿ. ಗ್ರಾಹಕರಿಗೆ ಕೊಡುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಜೊತೆಗೆ ಮುಹೂರ್ತ ಮತ್ತು ವಿಳಾಸವಿರುವ ಒಂದು ನಿಶ್ಚಲ ಚಿತ್ರವನ್ನೂ ಕೊಡಿ. ಛತ್ರದ ಬಾಗಿಲಲ್ಲಿ ನಿಂತು ವಿಡಿಯೊ ಹಿಂದೆ ಮುಂದೆ ಮಾಡಿ ವಿಳಾಸ ಹುಡುಕುವ ಪಾಡು ಅತಿಥಿಗಳಿಗೆ ಬರಬಾರದು.