ಹದಿನಾಲ್ಕೇ ಪೇಪರಿನ ಬಯೋಸ್ಕೆಚ್: ನನ್ನ ಅನುಭವ

2020ರ ಮಾರ್ಚ್‌ನಲ್ಲಿ ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಗೆ ಎರಡನೇ ಸಲ ಕಳಿಸಿದ ನನ್ನ ಆರ್01 ಸಂಶೋಧನಾ ಅನುದಾನದ ಅರ್ಜಿಯ ಬಯೋಸ್ಕೆಚ್‌ನಲ್ಲಿ, ಅಂದರೆ ಸಂಶೋಧಕನ ಸಂಕ್ಷಿಪ್ತ ಪರಿಚಯದಲ್ಲಿ, ಇದ್ದದ್ದು ಹದಿನಾಲ್ಕೇ ಪೇಪರು. ಆಗ ನನ್ನ ಹೆಸರಿನಲ್ಲಿ ಅರವತ್ತಕ್ಕೂ ಸ್ವಲ್ಪ ಹೆಚ್ಚು ಇದ್ದವು. ಕಳಿಸುವ ಮುಂಚೆ ಪಕ್ಕದ ಊರಿನ ವಿಶ್ವವಿದ್ಯಾಲಯದಲ್ಲಿರುವ ನಮ್ಮ ಕಡೆಯ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಏನಪ್ಪಾ ಇದು, ಗೋಣಿ ತುಂಬ ಜೋಳ ಇಟ್ಕೊಂಡು ಸಂತೇಲಿ ಒಂದು ಹಿಡಿ ತೋರಿಸ್ತೀಯಲ್ಲ?" ಅಂದರು. "ಸರ್, ಕೊಳ್ಳೋರು ನೋಡೋದೂ ಒಂದು ಹಿಡೀನೇ" ಅಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಅರ್ಜಿ ಗೆದ್ದಿತು. ಹೇಗೆ ಬರೆದೆ ಅಂತ ಆಮೇಲೆ ಕೇಳಿದವರು ಬಹಳ ಜನ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ಸಲದ ಸೋಲಿನಿಂದ ಶುರುಮಾಡುತ್ತೇನೆ. 2019ರ ಫೆಬ್ರವರಿಯಲ್ಲಿ ಕಳಿಸಿದ್ದ ಅರ್ಜಿ ಚರ್ಚೆಗೇ ಬರಲಿಲ್ಲ. ಚರ್ಚೆಗೆ ಬರದಿದ್ದರೂ ಮೂವರು ವಿಮರ್ಶಕರ ಬಿಡಿ ಅಂಕಗಳು ಕೈಗೆ ಬರುತ್ತವಲ್ಲ, ಅದರಲ್ಲಿ 'ಇನ್ವೆಸ್ಟಿಗೇಟರ್' ಅನ್ನುವ ಸಾಲಿನಲ್ಲಿ ನನಗೆ 4, 3, 5 ಬಿದ್ದಿತ್ತು. ಒಂದು ಉತ್ತಮ, ಒಂಬತ್ತು ಕಳಪೆ ಅನ್ನುವ ಲೆಕ್ಕದಲ್ಲಿ ಇದು ಕೆಟ್ಟ ಅಂಕ. ವಿಧಾನದ ಬಗ್ಗೆ ಟೀಕೆ ನಿರೀಕ್ಷಿಸಿದ್ದೆ, ನನ್ನ ಬಗ್ಗೆ ನಿರೀಕ್ಷಿಸಿರಲಿಲ್ಲ. ಒಬ್ಬರು ಬರೆದದ್ದರ ಸಾರಾಂಶ: ಪ್ರಕಟಣೆ ಸಾಕಷ್ಟಿದೆ, ಆದರೆ ಇದರಲ್ಲಿ ಇವರದೇ ಆದ ಕೊಡುಗೆ ಯಾವುದೆಂದು ತಿಳಿಯುವುದಿಲ್ಲ.

ಆ ಒಂದು ವರ್ಷದ ವಿಳಂಬಕ್ಕೆ ತೆತ್ತದ್ದನ್ನೂ ಹೇಳಬೇಕು. ವಿಭಾಗದವರು ನಡುವಿನ ಕಾಲಕ್ಕೆ ಸುಮಾರು ಅರವತ್ತು ಸಾವಿರ ಡಾಲರ್ ಕೊಟ್ಟರು. ಅದರಲ್ಲಿ ಹೆಚ್ಚುಕಡಿಮೆ ನಲವತ್ತೆಂಟು ಸಾವಿರ ಟೆಕ್ನಿಷಿಯನ್ ಸಂಬಳಕ್ಕೇ ಹೋಯಿತು. ಉಳಿದದ್ದರಲ್ಲಿ ಪ್ಲೇಟು, ಮೀಡಿಯ, ಸೀಕ್ವೆನ್ಸಿಂಗ್. ಪೋಸ್ಟ್‌ಡಾಕ್ ಒಬ್ಬಳು ಬೇರೆ ಲ್ಯಾಬಿಗೆ ಹೋದಳು, ತಡೆಯುವ ಹಾಗಿರಲಿಲ್ಲ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನ ಮಾಡ್ಯುಲರ್ ಬಜೆಟ್ಟಿಗೆ ಕಾಯುತ್ತಿದ್ದವನಿಗೆ ಅದು ಬಿಗಿಯಾದ ವರ್ಷ.

ತಪ್ಪು ಎಲ್ಲಿತ್ತು ಅಂದರೆ, 'ಕಾಂಟ್ರಿಬ್ಯೂಷನ್ಸ್ ಟು ಸೈನ್ಸ್', ಅಂದರೆ ವಿಜ್ಞಾನಕ್ಕೆ ಕೊಡುಗೆಗಳು ಅನ್ನುವ ಭಾಗವನ್ನು ನಾನು ಪಟ್ಟಿಯ ಹಾಗೆಯೇ ಬರೆದಿದ್ದೆ. 2015ರಲ್ಲಿ ಎನ್‌ಐಎಚ್ ಈ ನಮೂನೆಯನ್ನು ಕಡ್ಡಾಯ ಮಾಡಿದಾಗ ನಮ್ಮಲ್ಲಿ ಬಹಳ ಜನ ಮಾಡಿದ್ದು ಇದನ್ನೇ. ಹಳೇ ಪಟ್ಟಿಯನ್ನು ಐದು ರಾಶಿ ಮಾಡುವುದು, ಪ್ರತಿ ರಾಶಿಗೂ ಒಂದು ಶೀರ್ಷಿಕೆ, ಕೆಳಗೆ ನಾಲ್ಕು ಪೇಪರು, ಮೇಲೆ "ಈ ಕ್ಷೇತ್ರದಲ್ಲಿ ನಾವು ವ್ಯಾಪಕವಾಗಿ ಕೆಲಸ ಮಾಡಿದ್ದೇವೆ" ಎಂಬ ಎರಡು ಸಾಲು. ಆಗಿನ ನಿಯಮದಲ್ಲಿ ಕೇಳಿದ್ದು ಬೇರೆ. ಆ ಪ್ರಶ್ನೆ ಮುಂಚೆ ಯಾವ ಸ್ಥಿತಿಯಲ್ಲಿತ್ತು, ಸಿಕ್ಕ ಮುಖ್ಯ ಸಂಗತಿ ಏನು, ಅದರಿಂದ ವಿಜ್ಞಾನದಲ್ಲೋ ಆರೋಗ್ಯದಲ್ಲೋ ಏನು ಬದಲಾಯಿತು, ಅದರಲ್ಲಿ ನಿಮ್ಮ ಪಾಲು ಯಾವುದು. ಇಷ್ಟೂ ಅರ್ಧ ಪುಟದಲ್ಲಿ, ಪೇಪರುಗಳೂ ಸೇರಿ. ನಾನು ಮೊದಲ ಸಲ ಬರೆದದ್ದರಲ್ಲಿ ಎರಡನೆಯದು ಮಾತ್ರ ಇತ್ತು. ನಾಲ್ಕನೆಯದಂತೂ ಒಂದು ಕಡೆಯೂ ಇರಲಿಲ್ಲ.

ನನ್ನ ಕೆಲಸ ಆಸ್ಪತ್ರೆಯ ಬ್ಯಾಕ್ಟೀರಿಯಗಳ ಮೇಲೆ, ಅದರಲ್ಲೂ ಕ್ಲೆಬ್ಸಿಯೆಲ್ಲಾದಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್‌ಗೆ ಬರುವ ನಿರೋಧದ ಮೇಲೆ. ಈ ವಿಷಯದಲ್ಲಿ ಹನ್ನೊಂದು ಪೇಪರಿದ್ದವು. ಹಳೇ ಬಯೋಸ್ಕೆಚ್‌ನಲ್ಲಿ ಅವುಗಳಲ್ಲಿ ಅತಿ ಹೆಚ್ಚು ಉಲ್ಲೇಖವಾದ ನಾಲ್ಕನ್ನು ಹಾಕಿದ್ದೆ. ಮೇಲೆಯೇ ಇದ್ದದ್ದು ನಲವತ್ತು ಲೇಖಕರ ಒಂದು ಜೀನೋಮಿಕ್ಸ್ ಪೇಪರು, ಹೆಸರಾಂತ ಪತ್ರಿಕೆಯದು. ಅದರಲ್ಲಿ ನಾನು ಮಾಡಿದ್ದು ಎಂಐಸಿ, ಅಂದರೆ ಬ್ಯಾಕ್ಟೀರಿಯ ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಮದ್ದಿನ ಅಳತೆ, ಮತ್ತು ಒಂದು ಚಿತ್ರ. ಹನ್ನೊಂದರಲ್ಲಿ ಅತ್ಯಂತ ಕಡಿಮೆ ಉಲ್ಲೇಖ ಪಡೆದದ್ದು ಬೇರೊಂದು ಸಣ್ಣ ಪತ್ರಿಕೆಯಲ್ಲಿ ಬಂದ ಕೆಲಸ. ಬೆಂಗಳೂರಿನ ಒಂದು ಆಸ್ಪತ್ರೆಯಿಂದ ಬಂದ ಸುಮಾರು ಇನ್ನೂರು ಮಾದರಿಗಳನ್ನು ಅಗರ್ ಮೇಲೆ ಮದ್ದಿನ ಬಿಲ್ಲೆ ಇಡುವ ಡಿಸ್ಕ್ ವಿಧಾನದಲ್ಲೂ ದ್ರವದಲ್ಲಿ ಮದ್ದನ್ನು ಹಂತಹಂತವಾಗಿ ತೆಳುಮಾಡುವ ಬ್ರಾತ್ ಮೈಕ್ರೊಡೈಲ್ಯೂಷನ್‌ನಲ್ಲೂ ಪರೀಕ್ಷಿಸಿ ಹೋಲಿಸಿದ್ದು. ಕೊಲಿಸ್ಟಿನ್ ದೊಡ್ಡ ಅಣು, ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಹಾಗಾಗಿ ಡಿಸ್ಕ್ ನೋಡಿ ಹೇಳಿದ ಫಲಿತಾಂಶವನ್ನು ನಂಬುವಂತಿಲ್ಲ. ಇದು ನಮಗೆಲ್ಲ ಗೊತ್ತಿರುವುದೇ, 2016ರಲ್ಲಿ ಅಮೆರಿಕ ಮತ್ತು ಯುರೋಪಿನ ಮಾನಕ ಸಮಿತಿಗಳು ಜಂಟಿಯಾಗಿ ಮೈಕ್ರೊಡೈಲ್ಯೂಷನ್ನೇ ಮಾಡಬೇಕೆಂದು ಹೇಳಿದವು. ನಮ್ಮ ಮಾದರಿಗಳಲ್ಲಿ, ನೆನಪಿನಿಂದ ಹೇಳುವುದಾದರೆ, ನಿರೋಧವಿದ್ದ ಐದರಲ್ಲಿ ಒಂದನ್ನು ಡಿಸ್ಕ್ ಬಿಟ್ಟುಬಿಟ್ಟಿತ್ತು. ಅದನ್ನು ನೋಡಿದ ಮೇಲೆ ಆ ಆಸ್ಪತ್ರೆಯ ಲ್ಯಾಬು ಕೊಲಿಸ್ಟಿನ್‌ಗೆ ಡಿಸ್ಕ್ ಇಡುವುದನ್ನು ನಿಲ್ಲಿಸಿತು.

ಒಂದು ಸಂಜೆ ಹನ್ನೊಂದೂ ಪೇಪರುಗಳ ಮುಂದೆ ಒಂದೇ ಪ್ರಶ್ನೆ ಬರೆದುಕೊಂಡು ಕೂತೆ: ಇದು ಪ್ರಕಟವಾಗದೇ ಹೋಗಿದ್ದರೆ ಯಾರ ಕೆಲಸ ಬೇರೆಯಾಗಿರುತ್ತಿತ್ತು? ಏಳಕ್ಕೆ ಉತ್ತರವೇ ಹೊಳೆಯಲಿಲ್ಲ. ದೊಡ್ಡ ಜೀನೋಮಿಕ್ಸ್ ಪೇಪರಿಗೆ ಉತ್ತರ ಇತ್ತು, ಆದರೆ ನಾನಿಲ್ಲದಿದ್ದರೂ ಅದು ಆಗುತ್ತಿತ್ತು. ಡಿಸ್ಕ್ ಪೇಪರಿಗೆ ಮಾತ್ರ ಉತ್ತರ ತಕ್ಷಣ ಬಂತು. ಅದನ್ನೇ ತೆಗೆದು ಮೊದಲನೇ ಕೊಡುಗೆ ಮಾಡಿದೆ.

ಇಂಗ್ಲಿಷಿನಲ್ಲಿದ್ದ ಹಳೇ ಸಾಲು ಸುಮಾರು ಹೀಗಿತ್ತು: "ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಗಳ ನಿರೋಧದ ಕುರಿತು ನಮ್ಮ ಗುಂಪು ಅನೇಕ ಮಹತ್ವದ ಅಧ್ಯಯನ ನಡೆಸಿದೆ." ಹೊಸದರ ಸಾರ ಹೀಗೆ: "ಕೊಲಿಸ್ಟಿನ್ ಕೊನೆಯ ಮದ್ದಾಗಿರುವ ರೋಗಿಗಳಲ್ಲಿ ಯಾವ ಪರೀಕ್ಷೆ ನಂಬಬೇಕೆಂಬುದು ಆಸ್ಪತ್ರೆ ಲ್ಯಾಬುಗಳಲ್ಲಿ ಗೊಂದಲವಾಗಿತ್ತು. ಇನ್ನೂರು ಮಾದರಿಗಳಲ್ಲಿ ಎರಡು ವಿಧಾನ ಹೋಲಿಸಿ, ಡಿಸ್ಕ್ ನಿರೋಧವನ್ನು ತಪ್ಪಿಸಿಬಿಡುತ್ತದೆಂದು ತೋರಿಸಿದೆವು. ಮಾದರಿ ಕೊಟ್ಟ ಆಸ್ಪತ್ರೆ ತನ್ನ ಪದ್ಧತಿ ಬದಲಿಸಿತು. ಅಧ್ಯಯನದ ವಿನ್ಯಾಸ ಮತ್ತು ಪ್ಲೇಟ್ ಓದುವ ಕ್ರಮ ನನ್ನದು; ಮಾದರಿ ಸಂಗ್ರಹ ಸಹೋದ್ಯೋಗಿಗಳದು." ಕೆಳಗೆ ಎರಡೇ ಪೇಪರು. ನಾಲ್ಕಕ್ಕೆ ಅವಕಾಶ ಇದ್ದಾಗ ಎರಡು ಖಾಲಿ ಬಿಟ್ಟದ್ದಕ್ಕೂ ಬೈಸಿಕೊಂಡೆ.

ಇಲ್ಲಿಗೆ ನೇರವಾಗಿ ಬಂದೆ ಅಂತಲ್ಲ. ನಡುವೆ ಒಂದು ಕರಡಿನಲ್ಲಿ "ಇದನ್ನು ಮೊದಲು ತೋರಿಸಿದವರು ನಾವೇ" ಅಂತ ಬರೆದಿದ್ದೆ. ಲ್ಯಾಬಿನ ಗೆಳೆಯ ಓದಿ, "ಈ ಮಾತು ನಿಜ ಅಲ್ಲ, ಅಗರ್‌ನಲ್ಲಿ ಹರಡೋದಿಲ್ಲ ಅಂತ ಹೇಳಿದವರು ನಮಗಿಂತ ಮುಂಚೆ ಇದ್ದಾರೆ, ಅವರಲ್ಲೊಬ್ಬರು ಪ್ಯಾನೆಲ್‌ನಲ್ಲೇ ಇರಬಹುದು" ಅಂದ. ಅವನು ಸರಿ. ಆ ಕೆಲಸದ ಬೆಲೆ ಇದ್ದದ್ದು ಮೊದಲಿಗರಾಗಿದ್ದರಲ್ಲಿ ಅಲ್ಲ, ಒಂದು ಲ್ಯಾಬು ಬದಲಾದದ್ದರಲ್ಲಿ. 'ಮೊದಲು' ಅನ್ನುವ ಪದವನ್ನು ಐದೂ ಪ್ಯಾರಾಗಳಿಂದ ಹುಡುಕಿ ತೆಗೆದೆ.

ಇನ್ನೊಂದು ಕರಡಿನಲ್ಲಿ ಅಂಕಿಯ ಪ್ರಯೋಗ ಮಾಡಿದೆ. ಎನ್‌ಐಎಚ್‌ನದೇ ಐಸೈಟ್ ಜಾಲತಾಣದಲ್ಲಿ ಆರ್‌ಸಿಆರ್ ಎಂಬ ಉಲ್ಲೇಖದ ಅಳತೆ ಸಿಗುತ್ತದೆ, ಅವರು ಹಣ ಕೊಟ್ಟ ಪೇಪರುಗಳ ಮಧ್ಯಮ ಮೌಲ್ಯವನ್ನು 1.0 ಎಂದಿಟ್ಟು ಲೆಕ್ಕ ಹಾಕಿದ್ದು. ನನ್ನ ಕೆಲವು ಪೇಪರಿಗೆ ಎರಡು, ಮೂರರ ಮೇಲೆ ಇತ್ತು, ಪ್ರತಿ ಪೇಪರಿನ ಮುಂದೆ ಬರೆದೆ. ಆ ಕರಡನ್ನೂ ಅಂಕಿಯಿಲ್ಲದ್ದನ್ನೂ ಬೇರೆ ಕ್ಷೇತ್ರದ ಆರು ಜನರಿಗೆ ಹಂಚಿ, ಪ್ರತಿಯೊಬ್ಬರಿಗೂ ಒಂದೂವರೆ ನಿಮಿಷ ಕೊಟ್ಟು ಹಾಳೆ ಕಸಿದುಕೊಂಡು, "ನಾನು ಏನು ಮಾಡಿದ್ದೇನೆ ಹೇಳಿ" ಅಂತ ಕೇಳಿದೆ. ಅಂಕಿ ಇದ್ದದ್ದನ್ನು ಓದಿದ ಮೂವರೂ ಅಂಕಿಯನ್ನೇ ನೆನಪಿಟ್ಟುಕೊಂಡಿದ್ದರು, ಕೆಲಸವನ್ನಲ್ಲ. ಡಿಸ್ಕ್ ಪೇಪರಿಗಂತೂ ಆರ್‌ಸಿಆರ್ ಒಂದಕ್ಕಿಂತ ಕಡಿಮೆ, ಅದೇ ನನ್ನ ಮೊದಲನೇ ಕೊಡುಗೆ. ಅಂಕಿ ಪೂರ್ತಿ ತೆಗೆದೆ. ಈ ಒಂದೂವರೆ ನಿಮಿಷದ ಪರೀಕ್ಷೆ ಮಾತ್ರ ಈಗಲೂ ಮಾಡುತ್ತೇನೆ. ಓದಿದವರು ತಮ್ಮ ಮಾತಿನಲ್ಲಿ ಒಂದು ವಾಕ್ಯ ಹೇಳಲಾಗದಿದ್ದರೆ ಪ್ಯಾರಾ ಕೆಟ್ಟಿದೆ ಅಂತಲೇ ಅರ್ಥ.

ಜೀನೋಮಿಕ್ಸ್ ಪೇಪರನ್ನು ಬಿಡಲಿಲ್ಲ. ಅದನ್ನು ಮೂರನೇ ಕೊಡುಗೆಯಲ್ಲಿಟ್ಟು, "ಇದರಲ್ಲಿ ನನ್ನ ಪಾಲು ಎಂಐಸಿ ಅಳತೆ ಮತ್ತು ಮೂರನೇ ಚಿತ್ರ" ಅಂತ ಸ್ಪಷ್ಟವಾಗಿ ಬರೆದೆ. ಹಿರಿಯರು ಹೆಚ್ಚು ಹೆದರಿದ್ದು ಇಲ್ಲೇ, ನಿನ್ನನ್ನು ನೀನೇ ಕುಗ್ಗಿಸಿಕೊಳ್ಳುತ್ತೀಯ ಅಂದರು. ಆದರೆ ಎರಡನೇ ಸಲದ ವಿಮರ್ಶೆಯಲ್ಲಿ ಒಬ್ಬರು ಹೊಗಳಿದ್ದು ಆ ಸಾಲನ್ನೇ: ಬಹುಲೇಖಕ ಕೆಲಸದಲ್ಲಿ ಪಾತ್ರವನ್ನು ಸ್ಪಷ್ಟವಾಗಿ ಹೇಳಿದ್ದಾರೆ, ಹೀಗಾಗಿ ಉಳಿದ ಹೇಳಿಕೆಗಳನ್ನೂ ನಂಬಬಹುದು ಅಂತ. ನಲವತ್ತು ಹೆಸರಿನ ಮಧ್ಯೆ ನನ್ನದನ್ನು ಕಂಡ ವಿಮರ್ಶಕರಿಗೆ ಅನುಮಾನ ಹೇಗೂ ಬಂದೇ ಬರುತ್ತದೆ, ಉತ್ತರವನ್ನು ಮೊದಲೇ ಕೊಟ್ಟಿಟ್ಟಿದ್ದೆ.

ಪರ್ಸನಲ್ ಸ್ಟೇಟ್‌ಮೆಂಟಿನಲ್ಲಿ ಆಗ ಇನ್ನೂ ನಾಲ್ಕು ಪೇಪರಿಗೆ ಜಾಗ ಇರುತ್ತಿತ್ತು. ಮೊದಲ ಸಲ ಕೆಳಗೆ ಹಾಕಿದ್ದನ್ನೇ ಅಲ್ಲೂ ಹಾಕಿ ಜಾಗ ಹಾಳುಮಾಡಿದ್ದೆ. ಈ ಸಲ ಅಲ್ಲಿಟ್ಟದ್ದು ಮೂರೇ, ಅವು ಅರ್ಜಿಯ ಪ್ರಯೋಗಗಳನ್ನು ನಾನು ಮಾಡಬಲ್ಲೆ ಅನ್ನುವುದಕ್ಕೆ ಸಾಕ್ಷಿಯಾಗುವಂಥವು. ಕೊಡುಗೆಗಳ ಕೆಳಗೆ ಹನ್ನೊಂದು. ಉಳಿದವುಗಳಿಗೆ ಮೈ ಬಿಬ್ಲಿಯೋಗ್ರಫಿಯ ಕೊಂಡಿ. ಆಗ ಆ ಕೊಂಡಿಯೊಂದನ್ನು ಬಿಟ್ಟು ಬಯೋಸ್ಕೆಚ್‌ನಲ್ಲಿ ಬೇರೆ ಲಿಂಕ್ ಹಾಕುವಂತಿರಲಿಲ್ಲ, ಅದೊಂದೇ ಕಾರಣಕ್ಕೆ ಅರ್ಜಿ ವಾಪಸಾಗಬಹುದಿತ್ತು. ಪಿಎಂಸಿಐಡಿ, ಅಂದರೆ ಪೇಪರಿನ ಸಾರ್ವಜನಿಕ ಸಂಗ್ರಹದ ಸಂಖ್ಯೆ, ಇಲ್ಲದ ಪೇಪರಿದ್ದರೆ ಅದನ್ನೂ ಮೊದಲೇ ಸರಿಮಾಡಿಕೊಳ್ಳಿ. ಮೊದಲನೆಯದನ್ನು ಬಿಟ್ಟು ಉಳಿದ ನಾಲ್ಕು ಕೊಡುಗೆಗಳನ್ನು ಯಾವ ಕ್ರಮದಲ್ಲಿಟ್ಟೆ, ಪ್ಯಾನೆಲ್ ಪಟ್ಟಿ ನೋಡಿ ಏನು ಬದಲಿಸಿದೆ ಅನ್ನುವುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಇನ್ನೂ ಒಂದೆರಡು ಅರ್ಜಿ ಬಾಕಿ ಇವೆ.

ಆ ಸಲ ಇನ್ವೆಸ್ಟಿಗೇಟರ್ ಅಂಕ 2, 1, 2. ಇದೊಂದರಿಂದಲೇ ಹಣ ಬಂತು ಅಂತ ಹೇಳಲಾರೆ, ಎರಡನೇ ಗುರಿಯನ್ನು ಪೂರ್ತಿ ಬದಲಿಸಿದ್ದೆ, ಪ್ರಾಥಮಿಕ ದತ್ತಾಂಶವೂ ಹೆಚ್ಚಿತ್ತು. ಆದರೆ ಎರಡು ಅರ್ಜಿಗಳ ನಡುವೆ ನನ್ನ ಖಾತೆಗೆ ಸೇರಿದ ಹೊಸ ಪೇಪರು ಒಂದೇ ಒಂದು, ಅದನ್ನೂ ಬಯೋಸ್ಕೆಚ್‌ನಲ್ಲಿ ಹಾಕಿರಲಿಲ್ಲ. ಅದೇ ಮನುಷ್ಯ, ಅದೇ ಕೆಲಸ, ಅಂಕ ಅರ್ಧಕ್ಕಿಂತ ಕೆಳಗೆ ಇಳಿಯಿತು. ಹಿರಿಯರಿಗೆ ಆ ಹಾಳೆ ಕಳಿಸಿದೆ. ಮರುದಿನ ಫೋನ್ ಮಾಡಿ, "ನಂದೂ ಒಂದು ಸಲ ನೋಡಿಕೊಡು" ಅಂದರು. ಅವರದು ನೂರೆಂಬತ್ತು ಪೇಪರು. ಹದಿನೇಳಕ್ಕೆ ಇಳಿಸಲು ಮೂರು ಭಾನುವಾರ ಬೇಕಾಯಿತು, ಪ್ರತಿಯೊಂದಕ್ಕೂ ಜಗಳ.

ಈಗ ನಮೂನೆಯೇ ಬದಲಾಗಿದೆ. 2026ರ ಜನವರಿ ಕೊನೆಯಿಂದ ಎನ್‌ಐಎಚ್ ಕಾಮನ್ ಫಾರ್ಮ್ ಬಳಸುತ್ತಿದೆ. ಪೇಪರುಗಳ ಪಟ್ಟಿ ಬೇರೆ ಕಡೆ, ಅರ್ಜಿಗೆ ಹತ್ತಿರದವು ಐದು, ಇತರ ಐದು. ಕೊಡುಗೆಗಳು ಐದರವರೆಗೆ, ಪ್ರತಿಯೊಂದಕ್ಕೂ 2000 ಅಕ್ಷರ, ಎಲ್ಲವನ್ನೂ ಸೈ-ಎನ್-ಸಿವಿ ಎಂಬ ಜಾಲತಾಣದಲ್ಲೇ ತುಂಬಬೇಕು. ಹದಿನಾಲ್ಕಕ್ಕೆ ಬೈದವರೆಲ್ಲ ಈಗ ಹತ್ತಕ್ಕೆ ಇಳಿಯಬೇಕಾಗಿದೆ. ನನ್ನ ಹಳೇ ಪ್ಯಾರಾಗಳನ್ನು ಹೊಸ ಪೆಟ್ಟಿಗೆಗೆ ಹಾಕುವಾಗ ಮೊದಲು ಕತ್ತರಿಸಿದ್ದು ಹಿನ್ನೆಲೆಯ ಸಾಲುಗಳನ್ನು. ಅದು ತಪ್ಪಾಯಿತು, ಓದಿಸಿ ನೋಡಿದಾಗ ಗೊಂದಲ ಏನಿತ್ತು ಅಂತಲೇ ಯಾರಿಗೂ ತಿಳಿಯಲಿಲ್ಲ. ಹಿನ್ನೆಲೆ ವಾಪಸು ತಂದು, ಫಲಿತಾಂಶದಲ್ಲಿದ್ದ ಉಪವಿವರಗಳನ್ನು ತೆಗೆದೆ. ಡಿಸ್ಕ್ ಪೇಪರಿನ ಪ್ಯಾರಾ ಈಗ ಸಾವಿರದೆಂಟುನೂರು ಚಿಲ್ಲರೆ ಅಕ್ಷರಕ್ಕೆ ನಿಂತಿದೆ, ಇನ್ನೂ ಮೊದಲನೆಯದಾಗಿಯೇ ಇದೆ.